ತಾಯಿಯ ಆಸ್ಪತ್ರೆವಾಸಕ್ಕೆ ಹೋದ ದಿನಗಳು: ರಜೆಯೋ, ಗೈರುಹಾಜರಿಯೋ?

ಪ್ರಶ್ನೆ: ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಫ್ರಂಟ್ ಆಫೀಸಿನಲ್ಲಿ ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸಂಬಳ 18,000 ರೂಪಾಯಿ. ಹುತ್ತರಿಗೆ ಎರಡು ದಿನ ರಜೆ ಕೇಳಿದ್ದೆ, ಬುಕಿಂಗ್ ಜಾಸ್ತಿ ಇದೆ ಎಂದು ಕೊಡಲಿಲ್ಲ. ಅದೇ ವಾರ ಬೆಳಗಿನ ಜಾವ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ತಾಯಿಗೆ ಸ್ಟ್ರೋಕ್ ಆಯಿತು. ಸೂಪರ್‌ವೈಸರ್‌ಗೆ ಫೋನ್ ಮಾಡಿದಾಗ "ಆಯ್ತು, ಮೊದಲು ತಾಯಿಯನ್ನು ನೋಡಿಕೊಳ್ಳಿ" ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ನಾನೊಬ್ಬನೇ ಇದ್ದುದರಿಂದ 11 ಕೆಲಸದ ದಿನ ಹೋಗಲಾಗಲಿಲ್ಲ. ಈಗ 6,600 ರೂಪಾಯಿ ಕಡಿತ ಮಾಡಿದ್ದಾರೆ. ಸಿಕ್ ಲೀವ್ ನಿಮ್ಮ ಸ್ವಂತ ಕಾಯಿಲೆಗೆ ಮಾತ್ರ, ಎಂಟು ದಿನ ಮೀರಿದ್ದರಿಂದ ನೀವೇ ಕೆಲಸ ಬಿಟ್ಟಂತೆ, ರಾಜೀನಾಮೆ ಬರೆದುಕೊಡಿ ಎನ್ನುತ್ತಾರೆ. ನನ್ನ ಹೆಸರಿನಲ್ಲೇ ಮೆಡಿಕಲ್ ಸರ್ಟಿಫಿಕೇಟ್ ಮಾಡಿಸು ಎಂದು ಜೊತೆಗಿರುವವರು ಹೇಳುತ್ತಿದ್ದಾರೆ. ಈ ಸೇವಾ ವರ್ಷದಲ್ಲಿ ಮೊದಲು 3 ದಿನ ಮಾತ್ರ ರಜೆ ತೆಗೆದಿದ್ದೇನೆ. ಏನು ಮಾಡಲಿ?

ಉತ್ತರ: ರಾಜೀನಾಮೆಗೆ ಸಹಿ ಹಾಕಬೇಡಿ. ನಿಮ್ಮ ಹೆಸರಿನಲ್ಲಿ ವೈದ್ಯಕೀಯ ಪ್ರಮಾಣಪತ್ರವನ್ನೂ ಮಾಡಿಸಬೇಡಿ. ನಿಮ್ಮ ಕೈಯಲ್ಲಿರುವ ನಿಜವೇ ನಿಮಗೆ ಸಾಕಷ್ಟು ಬಲ ಕೊಡುತ್ತದೆ, ಅದನ್ನು ಸರಿಯಾದ ಕ್ರಮದಲ್ಲಿ ಕಾಗದಕ್ಕೆ ಇಳಿಸುವುದಷ್ಟೇ ಬಾಕಿ ಇದೆ.

ಮೊದಲು ಕಾನೂನು ಎಲ್ಲಿ ಮೌನವಾಗಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಖಾಸಗಿ ವಲಯದ ನೌಕರನಿಗೆ ತಂದೆ, ತಾಯಿ ಅಥವಾ ಮಗುವಿನ ಆರೈಕೆಗೆಂದೇ ಹೆಸರಿಟ್ಟ ಪ್ರತ್ಯೇಕ ರಜೆ ನಮ್ಮಲ್ಲಿ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳೂ ಅಂಥ ರಜೆಯನ್ನು ಸೃಷ್ಟಿಸಿಲ್ಲ. ಇದು ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ. ಆದರೆ ಆ ಹೆಸರಿನ ರಜೆ ಇಲ್ಲ ಎಂದ ಮಾತ್ರಕ್ಕೆ ಆರೈಕೆಗಾಗಿ ಯಾವ ರಜೆಯನ್ನೂ ಬಳಸುವಂತಿಲ್ಲ ಎಂದು ಅರ್ಥವಲ್ಲ. ನಿಮ್ಮ ಆಡಳಿತದವರು ಎಡವಿರುವುದು ಇಲ್ಲಿಯೇ.

ಹೋಟೆಲು, ವಸತಿಗೃಹ, ರೆಸಾರ್ಟ್‌ಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಅನ್ವಯಿಸುತ್ತದೆ. ಆಡಳಿತ ನಡೆಸುವ ಹುದ್ದೆಯಲ್ಲಿರುವವರನ್ನು ಅದು ಹೊರಗಿಟ್ಟಿದೆ, ಆದರೆ ಫ್ರಂಟ್ ಆಫೀಸಿನ ನೌಕರರು ಅದರ ಒಳಗೇ ಬರುತ್ತಾರೆ. ಅದರ 15ನೇ ಕಲಂ ಎರಡು ಬಗೆಯ ವೇತನಸಹಿತ ರಜೆಯನ್ನು ಹೇಳುತ್ತದೆ. ಒಂದು, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಜಮೆಯಾಗುವ ಗಳಿಕೆ ರಜೆ. ಇನ್ನೊಂದು, ಸೇವೆಯ ಪ್ರತಿ ಹನ್ನೆರಡು ತಿಂಗಳಿಗೆ 12 ದಿನಗಳವರೆಗೆ ಸಿಗುವ ರಜೆ. ಈ ಎರಡನೆಯದನ್ನೇ ಎಲ್ಲರೂ ಸಿಕ್ ಲೀವ್ ಎಂದು ಕರೆಯುವುದು, ಕೆಲವು ಕಡೆ ಇದನ್ನು ಆರು ದಿನ ಸಿಕ್ ಲೀವ್, ಆರು ದಿನ ಕ್ಯಾಶುಯಲ್ ಲೀವ್ ಎಂದು ಒಡೆದು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದೂ ಉಂಟು. ಕಲಂನಲ್ಲಿ ಮಾತ್ರ ಈ ರಜೆಗೆ ಮೂರು ಕಾರಣಗಳಿವೆ: ನೌಕರನ ಕಾಯಿಲೆ, ನೌಕರನಿಗಾದ ಅಪಘಾತ, ಅಥವಾ ಬೇರೆ ಯಾವುದೇ ಸಮಂಜಸ ಕಾರಣ. ಮೂರನೆಯ ಈ ಮಾತನ್ನು ಸಂಸ್ಥೆಯ ಕೈಪಿಡಿಯಲ್ಲಿ ಬಿಟ್ಟುಬಿಟ್ಟಿರುತ್ತಾರೆ, ಹಾಗಾಗಿ ನೌಕರರಿಗೂ ಅದು ಗೊತ್ತಿರುವುದಿಲ್ಲ, ಎಷ್ಟೋ ಸಲ ವ್ಯವಸ್ಥಾಪಕರಿಗೂ ಗೊತ್ತಿರುವುದಿಲ್ಲ. ಪಾರ್ಶ್ವವಾಯು ಬಡಿದ ತಾಯಿಯ ಜೊತೆಗೆ ನಿಲ್ಲಲು ಮಗನೊಬ್ಬನೇ ಇರುವಾಗ ಅದು ಸಮಂಜಸ ಕಾರಣವಲ್ಲ ಎಂದು ವಾದಿಸುವುದು ಯಾರಿಗೂ ಸುಲಭವಲ್ಲ.

ನಿಮ್ಮ ಲೆಕ್ಕವನ್ನೇ ನೋಡಿ. 12 ದಿನಗಳಲ್ಲಿ 3 ಖರ್ಚಾಗಿವೆ, 9 ಉಳಿದಿವೆ. ನೀವು ಗೈರಾಗಿದ್ದ 11 ಕೆಲಸದ ದಿನಗಳಲ್ಲಿ ಮೊದಲ 9 ಈ ರಜೆಗೆ ಸಂದುತ್ತವೆ. ಇನ್ನುಳಿದ 2 ದಿನಗಳಿಗೆ ಗಳಿಕೆ ರಜೆ ಇದೆ: ಮೊದಲ ವರ್ಷ ನೀವು 280 ದಿನ ದುಡಿದಿದ್ದೀರಿ ಎಂದುಕೊಂಡರೆ 14 ದಿನ ಜಮೆಯಾಗಿರಬೇಕು, ಹಾಜರಿ ಪುಸ್ತಕ ನೋಡಿದರೆ ನಿಖರ ಸಂಖ್ಯೆ ಸಿಗುತ್ತದೆ. ಅಂದರೆ ಹನ್ನೊಂದೂ ದಿನ ವೇತನಸಹಿತ ರಜೆಯೊಳಗೆ ಸೇರುತ್ತವೆ. ದಿನಕ್ಕೆ 600 ರೂಪಾಯಿಯಂತೆ ಕಡಿದಿರುವ 6,600 ರೂಪಾಯಿಯನ್ನು ಮರಳಿ ಕೊಡಿ ಎಂದು ಕೇಳುವುದಕ್ಕೆ ನಿಮಗೆ ಆಧಾರವಿದೆ. ಬಾಕಿ ರಜೆ ಇಷ್ಟು ಇಲ್ಲದಿದ್ದವರಿಗೆ ಹೀಗೆ ಹೇಳಲಾಗದು: ರಜೆ ಮುಗಿದ ಮೇಲಿನ ದಿನಗಳಿಗೆ ಸಂಬಳ ಕೇಳುವ ಹಕ್ಕಿಲ್ಲ. ಆದರೆ ಸಂಬಳ ಹೋಗುವುದು ಬೇರೆ, ಕೆಲಸವೇ ಹೋಗುವುದು ಬೇರೆ ಎಂಬುದನ್ನು ಅವರೂ ನೆನಪಿಡಬೇಕು.

ಇನ್ನು ಪೂರ್ವಾನುಮತಿಯ ಮಾತು. ರಜೆಗೆ ಮುಂಚೆಯೇ ಅರ್ಜಿ ಕೊಟ್ಟು, ಮಂಜೂರಾದ ಮೇಲೆ ಹೋಗಬೇಕೆಂಬ ನಿಯಮ ತಪ್ಪಲ್ಲ. ಮದುವೆ, ನಾಮಕರಣ, ಹಬ್ಬಗಳಿಗೆ ಅದು ಸರಿಯಾಗಿಯೇ ಅನ್ವಯಿಸುತ್ತದೆ, ಮತ್ತು ಹುತ್ತರಿಯ ವಾರ ಕೊಠಡಿಗಳೆಲ್ಲ ತುಂಬಿರುವಾಗ ಆ ಎರಡು ದಿನ ಕೊಡಲಾಗದು ಎನ್ನುವ ಅವಕಾಶ ಆಡಳಿತಕ್ಕೆ ಇತ್ತು. ತುರ್ತು ಸಂದರ್ಭದ ಸ್ವರೂಪವೇ ಬೇರೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿನಲ್ಲಿ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಅದಕ್ಕೆ ನಾಪೋಕ್ಲು ಕಡೆಯಿಂದ ಮಡಿಕೇರಿ ತಲುಪುವ ತಿರುವುಗಳ ದಾರಿಯನ್ನೂ ಸೇರಿಸಿಕೊಳ್ಳಿ. ಬೆಳಗ್ಗೆ ಕಚೇರಿ ತೆರೆಯುವವರೆಗೆ ಮಂಜೂರಾತಿಗೆ ಕಾದಿದ್ದರೆ ಆ ಗಡುವು ದಾರಿಯಲ್ಲೇ ಮುಗಿದುಹೋಗುತ್ತಿತ್ತು. ನಿಮ್ಮ ವಿವರಣೆಯಲ್ಲಿ ಈ ಗಂಟೆಗಳ ಲೆಕ್ಕವನ್ನು ಬರೆಯಿರಿ. "ತಾಯಿಗೆ ತುಂಬ ಹುಷಾರಿರಲಿಲ್ಲ" ಎಂಬ ವಾಕ್ಯವನ್ನು ಓದಿದವರು ಪಕ್ಕಕ್ಕೆ ಇಡುತ್ತಾರೆ, "4.20ಕ್ಕೆ ಬಲಗೈ ಬಿದ್ದುಹೋಯಿತು, 5.30ಕ್ಕೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗ ತಲುಪಿದೆವು, 6.10ಕ್ಕೆ ಮೈಸೂರಿಗೆ ಬರೆದುಕೊಟ್ಟರು" ಎಂದು ಇದ್ದರೆ ಹಾಗೆ ಇಡಲಾಗುವುದಿಲ್ಲ. ನಿಮ್ಮ ನಿಜವಾದ ಸಮಯಗಳನ್ನು ಹೀಗೆ ಬರೆಯಿರಿ.

ನಿಮ್ಮ ಪ್ರಕರಣದಲ್ಲಿ ಸಮಯಕ್ಕೆ ಇನ್ನೂ ಒಂದು ಕಾರಣದಿಂದ ಬೆಲೆ ಇದೆ. ಹಬ್ಬಕ್ಕೆ ಕೇಳಿದ ರಜೆ ಸಿಗದೆ, ಅದೇ ವಾರ ಮನೆಯಿಂದ ತುರ್ತು ಕರೆ ಬಂದರೆ ಆಡಳಿತಕ್ಕೆ ಅನುಮಾನ ಬರುತ್ತದೆ. ಅನುಮಾನ ಬಂದದ್ದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಹುತ್ತರಿಯ ಹೊತ್ತಿಗೆ ಕೊಡಗಿನ ಪ್ರತಿ ಸಂಸ್ಥೆಯಲ್ಲೂ ಇಂಥ ಅರ್ಜಿಗಳು ಒಟ್ಟಿಗೆ ಬರುತ್ತವೆ, ಅವುಗಳಲ್ಲಿ ಎಲ್ಲವೂ ನಿಜವಾಗಿರುವುದಿಲ್ಲ. ಅನುಮಾನಕ್ಕೆ ಉತ್ತರ ದಾಖಲೆ. ತುರ್ತು ವಿಭಾಗದ ಚೀಟಿಯಲ್ಲಿ ರೋಗಿ ಬಂದ ದಿನಾಂಕ ಮತ್ತು ಗಂಟೆ ಎರಡೂ ಇರುತ್ತವೆ, ಅದು ನಿಮ್ಮ ಮೊದಲ ದಾಖಲೆ. ಎರಡನೆಯದು ಜಿಲ್ಲಾಸ್ಪತ್ರೆಯಿಂದ ಮೈಸೂರಿಗೆ ಬರೆದುಕೊಟ್ಟ ರೆಫರಲ್ ಚೀಟಿ. ಮೂರನೆಯದು ದಾಖಲಾದ ಮತ್ತು ಬಿಡುಗಡೆಯಾದ ದಿನಗಳಿರುವ ಡಿಸ್ಚಾರ್ಜ್ ಸಾರಾಂಶ. ಆದರೆ ಈ ಮೂರೂ ಹೇಳುವುದು ತಾಯಿಗೆ ಕಾಯಿಲೆಯಾಗಿತ್ತು ಎಂಬುದನ್ನು ಮಾತ್ರ. ನೀವೇ ಅಲ್ಲಿ ಇರಬೇಕಾಗಿತ್ತು ಎಂಬುದನ್ನು ಹೇಳುವ ಕಾಗದ ಬೇರೆ, ಹೆಚ್ಚಿನವರು ತರಲು ಮರೆಯುವುದೂ ಅದನ್ನೇ. ಚಿಕಿತ್ಸೆ ಕೊಟ್ಟ ವೈದ್ಯರಿಂದ "ಈ ದಿನಾಂಕದಿಂದ ಈ ದಿನಾಂಕದವರೆಗೆ ರೋಗಿಗೆ ಸದಾ ಒಬ್ಬ ಸಹಾಯಕರ ಅಗತ್ಯವಿತ್ತು, ಅವರ ಮಗ ಜೊತೆಗಿದ್ದರು" ಎಂದು ಎರಡು ಸಾಲು ಬರೆಸಿಕೊಳ್ಳಿ. ವಾರ್ಡಿನಲ್ಲಿ ನಿಮಗೆ ಕೊಟ್ಟಿದ್ದ ಅಟೆಂಡರ್ ಪಾಸ್ ಇನ್ನೂ ಇದ್ದರೆ ಅದರ ಚಿತ್ರವನ್ನೂ ಸೇರಿಸಿ. ಈಗ ಬಿಡುಗಡೆಯಾಗಿದ್ದರೂ ಮುಂದಿನ ತಪಾಸಣೆಗೆ ಹೋದಾಗ ಆ ಎರಡು ಸಾಲನ್ನು ಕೇಳಬಹುದು.

ನಿಮ್ಮ ಪಕ್ಷದಲ್ಲಿ ದುರ್ಬಲವಾದ ಅಂಶ ಒಂದೇ, ಸೂಪರ್‌ವೈಸರ್ ಜೊತೆಗಿನ ಮಾತು ಬರೀ ಫೋನಿನಲ್ಲಿ ಮುಗಿದಿರುವುದು. ಅವರು "ಆಯ್ತು" ಎಂದದ್ದು ನಿಜವೇ ಆದರೂ ಮಾನವ ಸಂಪನ್ಮೂಲ ವಿಭಾಗದ ಎದುರು ಅವರು ಅದನ್ನು ಒಪ್ಪಿಕೊಳ್ಳುತ್ತಾರೆಂಬ ಖಾತ್ರಿ ಇಲ್ಲ. ಫೋನಿನ ಕರೆ ಪಟ್ಟಿಯಲ್ಲಿ ಆ ದಿನದ ಕರೆ, ಅದರ ಗಂಟೆ, ಎಷ್ಟು ನಿಮಿಷ ಮಾತಾಡಿದಿರಿ ಎಂಬುದು ಇನ್ನೂ ಉಳಿದಿದ್ದರೆ ಇಂದೇ ಸ್ಕ್ರೀನ್‌ಶಾಟ್ ತೆಗೆದಿಡಿ, ಹಳೆಯ ಕರೆಗಳು ತಾವಾಗಿಯೇ ಅಳಿಸಿಹೋಗುತ್ತವೆ. ಇದನ್ನು ಓದುತ್ತಿರುವ ಬೇರೆಯವರು ಅಂಥ ಹೊತ್ತಿನಲ್ಲಿ ಕರೆ ಮಾಡಿದ ಕೂಡಲೇ ಮೇಲಧಿಕಾರಿಗೆ ಒಂದು ಸಂದೇಶವನ್ನೂ ಕಳಿಸಬೇಕು. ಅದು ಉದ್ದವಾಗಿರಬೇಕಿಲ್ಲ: "ಸರ್, ಇಂದು ಬೆಳಗ್ಗೆ 4.20ಕ್ಕೆ ನನ್ನ ತಾಯಿಗೆ ಪಾರ್ಶ್ವವಾಯು ಆಗಿದೆ. ಜಿಲ್ಲಾಸ್ಪತ್ರೆಯಿಂದ ಮೈಸೂರಿಗೆ ಕರೆದೊಯ್ಯುತ್ತಿದ್ದೇನೆ. ಜೊತೆಗೆ ನಾನೊಬ್ಬನೇ ಇದ್ದೇನೆ. ಇಂದಿನಿಂದ ನನ್ನ ಬಾಕಿ ರಜೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ವೈದ್ಯರು ಹೇಳಿದ ಮೇಲೆ ಎಷ್ಟು ದಿನ ಎಂದು ತಿಳಿಸುತ್ತೇನೆ." ಏನಾಯಿತು, ಯಾವಾಗ, ಎಲ್ಲಿಗೆ, ಯಾರಿದ್ದಾರೆ, ಯಾವ ರಜೆ ಎಂಬುದೆಲ್ಲ ಇದರಲ್ಲಿ ಬಂತು. ಎಷ್ಟು ದಿನ ಎಂದು ಗೊತ್ತಿಲ್ಲದಾಗ ಊಹಿಸಿ ಬರೆಯಬಾರದು. ಎರಡು ದಿನ ಎಂದು ಬರೆದು ಹತ್ತು ದಿನ ಹೋಗದಿದ್ದರೆ ಉಳಿದ ಎಂಟು ದಿನ ಅನಧಿಕೃತ ಎನಿಸಿಕೊಳ್ಳುತ್ತದೆ. ಬದಲಿಗೆ ಎರಡು ಮೂರು ದಿನಕ್ಕೊಮ್ಮೆ ತಾಯಿಯ ಸ್ಥಿತಿಯನ್ನು ಒಂದು ಸಾಲಿನಲ್ಲಿ ತಿಳಿಸುತ್ತಾ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಬಿರುನಾಣಿ, ಕುಟ್ಟ ಕಡೆಗಳಲ್ಲಿ ಕರೆಂಟು ಹೋದರೆ ಸಿಗ್ನಲ್ಲೂ ಹೋಗುತ್ತದೆ. ಅಂಥಲ್ಲಿ ನೆಂಟರೋ ನೆರೆಯವರೋ ಪೇಟೆಗೆ ಹೋಗುವಾಗ ಅವರ ಮೂಲಕ ಹೇಳಿಸಿ, ಸಿಗ್ನಲ್ ಸಿಕ್ಕ ತಕ್ಷಣ "ಇಂಥ ಕಾರಣದಿಂದ ತಡವಾಗಿ ತಿಳಿಸುತ್ತಿದ್ದೇನೆ" ಎಂದು ತಾವೇ ಕಳಿಸಿದರೆ ತಡವಾದದ್ದಕ್ಕೂ ವಿವರಣೆ ದಾಖಲಾಗುತ್ತದೆ.

ಈಗ ಎಂಟು ದಿನದ ಷರತ್ತಿಗೆ ಬರೋಣ. ನೇಮಕಾತಿ ಪತ್ರಗಳಲ್ಲಿ "ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ನೌಕರನು ತಾನೇ ಕೆಲಸ ತೊರೆದನೆಂದು ಭಾವಿಸಲಾಗುವುದು" ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಇಂಥದೇ ಷರತ್ತು ಸುಪ್ರೀಂ ಕೋರ್ಟಿನ ಮುಂದೆ ಡಿ.ಕೆ. ಯಾದವ್ ವಿರುದ್ಧ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಬಂದಿತ್ತು. ಎಂಟು ದಿನ ಮೀರಿ ಗೈರಾಗಿದ್ದಾನೆಂದು ಕಾರ್ಖಾನೆಯೊಂದು ಕಾರ್ಮಿಕನ ಹೆಸರನ್ನು ತೆಗೆದುಹಾಕಿತ್ತು. ಅವನ ಮಾತನ್ನು ಕೇಳದೆ, ವಿಚಾರಣೆ ನಡೆಸದೆ ಹೀಗೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1993ರಲ್ಲಿ ನ್ಯಾಯಾಲಯ ಹೇಳಿ, ಅವನನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. 2012ರ ಕೃಷ್ಣಕಾಂತ್ ಬಿ. ಪರ್ಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅನುಮತಿಯಿಲ್ಲದ ಪ್ರತಿ ಗೈರುಹಾಜರಿಯೂ ಉದ್ದೇಶಪೂರ್ವಕವಲ್ಲ, ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಕಾರಣಗಳಿರಬಹುದು, ಉದ್ದೇಶಪೂರ್ವಕ ಎಂದು ಸಾಬೀತಾಗದೆ ಅದು ದುರ್ನಡತೆಯಾಗದು ಎಂದಿತು. ಎರಡನೆಯದು ಸರ್ಕಾರಿ ನೌಕರರೊಬ್ಬರ ಪ್ರಕರಣ, ಅಲ್ಲಿನ ಮಾತೂ ನೌಕರನ ಸ್ವಂತ ಪರಿಸ್ಥಿತಿಯ ಬಗ್ಗೆಯೇ. ಆದರೂ ಅದರ ತರ್ಕ ನಿಮ್ಮ ಸ್ಥಿತಿಗೆ ಒಪ್ಪುತ್ತದೆ, ಏಕೆಂದರೆ ಆಸ್ಪತ್ರೆಯ ಹಾಸಿಗೆಯ ಪಕ್ಕ ಬೇರೆ ಯಾರೂ ಇಲ್ಲದೆ ನಿಂತವನು ಕೆಲಸ ತೊರೆಯುವ ಉದ್ದೇಶದಿಂದ ಹೋದವನಲ್ಲ.

ಇದರ ಮೇಲೆ ನಿಮ್ಮ ಅಧಿನಿಯಮದ 39ನೇ ಕಲಂ ಇದೆ. ಆರು ತಿಂಗಳು ನಿರಂತರ ಸೇವೆ ಮಾಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪದ ಮೇಲೆ ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ನೀವು ಒಂದೂವರೆ ವರ್ಷ ದುಡಿದಿದ್ದೀರಿ. ಹೀಗಿರುವುದರಿಂದಲೇ ಅವರು ನಿಮ್ಮನ್ನು ತೆಗೆಯುತ್ತಿಲ್ಲ, ನೀವೇ ರಾಜೀನಾಮೆ ಬರೆಯಿರಿ ಎನ್ನುತ್ತಿದ್ದಾರೆ: ನಿಮ್ಮ ಸಹಿ ಬಿದ್ದ ಕೂಡಲೇ ವಿಚಾರಣೆಯೂ ಬೇಕಿಲ್ಲ, ನೋಟಿಸೂ ಬೇಕಿಲ್ಲ. ಈಗಾಗಲೇ ಒತ್ತಾಯಕ್ಕೆ ಬರೆದುಕೊಟ್ಟವರು ಯಾರಾದರೂ ಇದ್ದರೆ, ಅದು ಅಂಗೀಕಾರವಾಗುವ ಮೊದಲೇ ಹಿಂಪಡೆಯುತ್ತಿದ್ದೇನೆ ಎಂದು ಲಿಖಿತವಾಗಿ, ಅದೇ ದಿನವೇ ಇ-ಮೇಲ್ ಮಾಡಬೇಕು.

ಪ್ರಮಾಣಪತ್ರದ ಸಲಹೆಯನ್ನು ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು, ಆದರೆ ಅದು ನಿಮ್ಮ ಇಡೀ ಪಕ್ಷವನ್ನು ಕೆಡಿಸುತ್ತದೆ. ನೀವು ಮೈಸೂರಿನಲ್ಲಿದ್ದಿರಿ ಎಂಬುದನ್ನು ಆಸ್ಪತ್ರೆಯ ಪಾಸು, ಬಿಲ್ಲುಗಳು, ನಿಮ್ಮದೇ ಫೋನ್ ಕರೆ ಎಲ್ಲವೂ ಹೇಳುತ್ತಿರುವಾಗ, ಮಡಿಕೇರಿಯಲ್ಲಿ ಜ್ವರ ಬಂದು ಮಲಗಿದ್ದೆ ಎಂಬ ಕಾಗದ ಸಿಕ್ಕರೆ ಆಡಳಿತಕ್ಕೆ ಇದುವರೆಗೆ ಇಲ್ಲದಿದ್ದ ದುರ್ನಡತೆಯೊಂದು ಸಿಗುತ್ತದೆ. ಅದರ ಜೊತೆಗೆ ನಿಮ್ಮ ಸಂಬಳದಿಂದ ಇ.ಎಸ್.ಐ. ಕಡಿತವಾಗುತ್ತಿದ್ದು, ಆ ಪ್ರಮಾಣಪತ್ರದ ಮೇಲೆ ಕಾಯಿಲೆ ಭತ್ಯೆಯನ್ನೂ ಪಡೆದರೆ, ಸುಳ್ಳು ಹೇಳಿಕೆಯಿಂದ ಸೌಲಭ್ಯ ಪಡೆದದ್ದು ಶಿಕ್ಷಾರ್ಹ ಅಪರಾಧವಾಗುತ್ತದೆ. ಇ.ಎಸ್.ಐ.ಯ ಕಾಯಿಲೆ ಭತ್ಯೆ ವಿಮೆದಾರನ ಸ್ವಂತ ಕಾಯಿಲೆಗೆ ಮಾತ್ರ. ತಂದೆ ತಾಯಿ, ಮಕ್ಕಳಿಗೆ ಅದು ಕೊಡುವುದು ಚಿಕಿತ್ಸೆಯನ್ನು, ಅವರನ್ನು ನೋಡಿಕೊಳ್ಳುವವನಿಗೆ ದಿನದ ಕೂಲಿಯನ್ನಲ್ಲ. ಹಾಗಿದ್ದರೂ ವೇತನ ಚೀಟಿಯನ್ನು ಒಮ್ಮೆ ತೆರೆದು ನೋಡಿ. ನಿಮ್ಮ ಸಂಬಳ 21,000 ರೂಪಾಯಿಯ ಮಿತಿಯೊಳಗೇ ಇದೆ. ಕಡಿತ ಆಗುತ್ತಿದ್ದು, ತಾಯಿ ನಿಮ್ಮ ಅವಲಂಬಿತರೆಂದು ನೋಂದಣಿಯಾಗಿದ್ದರೆ ಮುಂದಿನ ಔಷಧ ಮತ್ತು ಫಿಸಿಯೋಥೆರಪಿಯ ಖರ್ಚಿಗಾದರೂ ಅದು ಒದಗುತ್ತದೆ.

ನೀವು ಈಗ ಬರೆಯಬೇಕಾದ ಪತ್ರ ಒಂದು ಪುಟ ಮೀರಬಾರದು. ಮೊದಲು ಘಟನೆಯನ್ನು ಗಂಟೆಗಳ ಸಮೇತ ಬರೆಯಿರಿ, ನಂತರ ಯಾರಿಗೆ ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದನ್ನು. ಆಮೇಲೆ 9 ದಿನವನ್ನು 15ನೇ ಕಲಂನ ಸಮಂಜಸ ಕಾರಣದ ರಜೆಗೂ 2 ದಿನವನ್ನು ಗಳಿಕೆ ರಜೆಗೂ ಸೇರಿಸಿ ಕಡಿತವಾದ ಹಣವನ್ನು ಮರಳಿಸಬೇಕೆಂದು ಕೇಳಿ. ಕೊನೆಗೆ "ನಾನು ಕೆಲಸ ತೊರೆದಿಲ್ಲ, ಕರ್ತವ್ಯಕ್ಕೆ ಹಾಜರಾಗಿದ್ದೇನೆ, ಹಾಜರಾಗಲು ಸಿದ್ಧನಿದ್ದೇನೆ" ಎಂಬ ಸಾಲು ತಪ್ಪದೆ ಇರಲಿ. ದಾಖಲೆಗಳ ನಕಲು ಮಾತ್ರ ಲಗತ್ತಿಸಿ, ಮೂಲ ಪ್ರತಿಗಳನ್ನು ಕೊಡಬೇಡಿ. ಇ-ಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಪತ್ರ ಮುಟ್ಟಿದ ಮೇಲೂ ಪ್ರತಿದಿನ ನಿಮ್ಮ ಪಾಳಿಯ ಹೊತ್ತಿಗೆ ಕೆಲಸಕ್ಕೆ ಹೋಗಿ. ಗೇಟಿನಲ್ಲಿ ಒಳಗೆ ಬಿಡದಿದ್ದರೆ ಅಲ್ಲಿಂದಲೇ ಗಂಟೆ ಸಮೇತ ಸಂದೇಶ ಕಳಿಸಿ, ಏಕೆಂದರೆ ಈಗಿನ ದಿನಗಳನ್ನು ಹೊಸ ಗೈರುಹಾಜರಿಯೆಂದು ಬರೆದುಕೊಳ್ಳುವ ಅವಕಾಶವನ್ನು ಅವರಿಗೆ ಕೊಡಬಾರದು. ಕಾರಣ ಕೇಳಿ ನೋಟಿಸು ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಇದೇ ಪತ್ರವನ್ನು ಉತ್ತರವಾಗಿ ಕೊಡಬಹುದು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಾಯಿಮಾತಿನಲ್ಲೇ ಕೆಲಸದಿಂದ ನಿಲ್ಲಿಸಿದರೆ, ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಪತ್ರದ ಪ್ರತಿ, ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ವೇತನ ಚೀಟಿಗಳೊಂದಿಗೆ ದೂರು ಕೊಡಿ. ಕೆಲಸದಿಂದ ತೆಗೆದದ್ದರ ವಿರುದ್ಧದ ಮೇಲ್ಮನವಿಗೆ ಕಾಲಮಿತಿ ಇರುವುದರಿಂದ ಆ ಕೆಲಸವನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ.

ಇದೇ ಬಗೆಯ ಪ್ರಶ್ನೆಯನ್ನು ಬೇರೆ ಕೆಲಸಗಳಲ್ಲಿರುವವರೂ ಕೇಳುವುದುಂಟು, ಅವರಿಗೆ ಎರಡು ಮಾತು. ಕಾಫಿ ತೋಟದ ಕಾಯಂ ಕಾರ್ಮಿಕರಿಗೆ 20 ದಿನದ ದುಡಿಮೆಗೆ ಒಂದು ದಿನದ ವೇತನಸಹಿತ ರಜೆ ಇದೆ, ಮಗುವಿನ ಅಥವಾ ಹಿರಿಯರ ಕಾಯಿಲೆಗೆ ಅದನ್ನು ಕೇಳಬಹುದು. ಹಣ್ಣು ಕೊಯ್ಲಿಗೆ ಮಾತ್ರ ಬರುವ ದಿನಗೂಲಿಯವರ ಕೈಗೆ ಇಂಥ ರಜೆ ಬರುವುದೇ ಇಲ್ಲ, ಲೈನ್ ಮನೆಯ ಮಗುವಿಗೆ ಜ್ವರ ಬಂದ ದಿನ ತಾಯಿಯ ಕೂಲಿ ಹೋಗಿಯೇ ಹೋಗುತ್ತದೆ, ಮತ್ತು ಇದು ನನಗೆ ಬಹಳ ನೋವು ಕೊಡುವ ಸಂಗತಿ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 18 ವರ್ಷದೊಳಗಿನ ಮಕ್ಕಳಿಗಾಗಿ ಸೇವಾವಧಿಯಲ್ಲಿ 180 ದಿನಗಳ ಶಿಶುಪಾಲನಾ ರಜೆ ಇದೆ. ತಂದೆ ತಾಯಿಯ ಆರೈಕೆಗೆ ಅದನ್ನು ಬಳಸಲಾಗದು, ಅದಕ್ಕೆ ಅವರೂ ಗಳಿಕೆ ರಜೆಯನ್ನೇ ಹಾಕಬೇಕು.

ನಿಮಗೆ ಮುಂದಿನ ತಿಂಗಳುಗಳ ಯೋಚನೆಯೂ ಇರಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವುದು ಆಸ್ಪತ್ರೆ ಬಿಟ್ಟ ಮೇಲೆಯೂ ತಿಂಗಳುಗಟ್ಟಲೆ ನಡೆಯುತ್ತದೆ, ನಿಮ್ಮ ಬಳಿ ಉಳಿದಿರುವುದು ಗಳಿಕೆ ರಜೆಯ ಕೆಲವೇ ದಿನ. ಅದಕ್ಕಿಂತ ಹೆಚ್ಚಿನ ರಜೆ ಮಾಲೀಕರ ಒಪ್ಪಿಗೆಯ ಮೇಲೆ ನಿಂತಿದೆ, ಅದು ಹಕ್ಕಲ್ಲ. ಆದ್ದರಿಂದ ಈ ವಿವಾದ ಇತ್ಯರ್ಥವಾಗುವಾಗಲೇ ಮುಂದಿನದನ್ನೂ ಮಾತಾಡಿಕೊಳ್ಳಿ. ತಾಯಿಯ ಫಿಸಿಯೋಥೆರಪಿ ಬೆಳಗಿನ ಹೊತ್ತು ಇದ್ದರೆ ಮಧ್ಯಾಹ್ನದ ಪಾಳಿ ಕೇಳಿ, ವಾರದ ರಜೆಯನ್ನು ಮೈಸೂರಿನ ತಪಾಸಣೆಯ ದಿನಕ್ಕೆ ಹೊಂದಿಸಿಕೊಡಲು ಕೇಳಿ. ಫ್ರಂಟ್ ಆಫೀಸಿನಲ್ಲಿ ಪಾಳಿ ಬದಲಾಯಿಸುವುದು ಅಷ್ಟೇನೂ ಕಷ್ಟವಲ್ಲ ಎಂದು ಅವರಿಗೂ ಗೊತ್ತು. ವೇತನರಹಿತ ರಜೆ ಬೇಕಾದರೆ ಯಾವ ದಿನದಿಂದ ಯಾವ ದಿನದವರೆಗೆ ಎಂದು, ಆ ಅವಧಿಯಲ್ಲಿ ಸೇವೆ ಮುರಿಯುವುದಿಲ್ಲ ಎಂದು, ಮರಳಿ ಬಂದಾಗ ಇದೇ ಹುದ್ದೆ ಸಿಗುತ್ತದೆ ಎಂದು ಪತ್ರದಲ್ಲಿ ಬರೆಸಿಕೊಂಡ ಮೇಲೆಯೇ ಹೊರಡಿ.